ಸೋಮವಾರಕ್ಕಿಂತ ಬುಧವಾರ ಎರಡೂವರೆ ಕೆ.ಜಿ. ಹೆಚ್ಚು

ಜಿಮ್‌ಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಹೆಗಲ ಮೇಲೆ ಬಾರ್ ಹೊತ್ತು ಬಸ್ಕಿ ಹೊಡೆಯುತ್ತಾನೆ, ಅಂದರೆ ಸ್ಕ್ವಾಟ್ ಮಾಡುತ್ತಾನೆ ಎಂದಿಟ್ಟುಕೊಳ್ಳಿ. ಸೋಮವಾರ 40 ಕೆ.ಜಿ., ಐದೈದರಂತೆ ಮೂರು ಸೆಟ್. ಬುಧವಾರ 42.5, ಶುಕ್ರವಾರ 45. ಸೆಟ್ಟುಗಳು ಅಷ್ಟೇ, ತೂಕ ಮಾತ್ರ ಪ್ರತಿ ಸಲ ಎರಡೂವರೆ ಕೆ.ಜಿ. ಏರುತ್ತದೆ. ಇದೇ ಲೀನಿಯರ್ ಪ್ರೊಗ್ರೆಷನ್. ಅಮೆರಿಕದ ಕೋಚ್ ಮಾರ್ಕ್ ರಿಪ್ಪಟೋ ತಮ್ಮ ‘ಸ್ಟಾರ್ಟಿಂಗ್ ಸ್ಟ್ರೆಂತ್’ ಪುಸ್ತಕದಲ್ಲಿ ಹೊಸಬರಿಗೆ ಹೇಳುವುದೂ ಹೆಚ್ಚುಕಮ್ಮಿ ಇದನ್ನೇ.

ಮೊದಲ ವಾರಗಳಲ್ಲಿ ಏರುವ ಶಕ್ತಿಯ ಬಹುಪಾಲು ನರಗಳ ಕೆಲಸ. ಇರುವ ಸ್ನಾಯುವಿನಲ್ಲಿ ಹೆಚ್ಚು ಎಳೆಗಳನ್ನು ಒಟ್ಟಿಗೆ ದುಡಿಸುವುದನ್ನು ದೇಹ ಕಲಿಯುತ್ತದೆ. ಕನ್ನಡಿಯಲ್ಲಿ ತೊಡೆ ದಪ್ಪಗೆ ಕಾಣುವುದು ಆಮೇಲಿನ ಮಾತು. ಜೊತೆಗೆ, ಹೊಸಬ ಎತ್ತುವ ಭಾರ ಅವನ ದೇಹ ಮುಂದೆ ತಲುಪಬಲ್ಲ ಮಟ್ಟಕ್ಕಿಂತ ಬಹಳ ಕೆಳಗಿರುತ್ತದೆ. ಹಾಗಾಗಿ ಆ ದಣಿವು ಎರಡು ದಿನದಲ್ಲಿ ಆರಿ, ಮೊದಲಿಗಿಂತ ಒಂದಿಷ್ಟು ಹೆಚ್ಚು ಬಲ ಉಳಿಯುತ್ತದೆ.

ಲೆಕ್ಕ ಮುಂದುವರಿಸಿದರೆ ಒಂಬತ್ತನೇ ವಾರದ ಸೋಮವಾರ ಬಾರ್ ಮೇಲೆ 100 ಕೆ.ಜಿ. ಹೀಗೇ ಹೋದರೆ ವರ್ಷ ತುಂಬುವಷ್ಟರಲ್ಲಿ 400 ದಾಟಬೇಕು! ಹಾಗಾಗುವುದಿಲ್ಲ. ಬಲ ಬೆಳೆದಂತೆ ದೇಹವನ್ನು ಇನ್ನಷ್ಟು ಬೆಳೆಯುವಂತೆ ಕೆಣಕಲು ಹೆಚ್ಚು ಭಾರ ಬೇಕು, ಹೆಚ್ಚು ಭಾರದ ದಣಿವು ಆರಲು ಹೆಚ್ಚು ದಿನ ಬೇಕು. ಸೋಮವಾರದ ದಣಿವು ಬುಧವಾರಕ್ಕೂ ಉಳಿದುಬಿಟ್ಟರೆ ಅದರ ಮೇಲೆ ಇನ್ನೊಂದು ಪದರ ಕೂರುತ್ತದೆ.

ತಲೆಯ ಮೇಲಕ್ಕೆ ಭಾರ ಎತ್ತುವ ಪ್ರೆಸ್ಸು ಸ್ಕ್ವಾಟ್‌ಗಿಂತ ಬೇಗ ನಿಲ್ಲುತ್ತದೆ. 100 ಕೆ.ಜಿ.ಗೆ ಎರಡೂವರೆ ಸೇರಿಸಿದರೆ ನೂರಕ್ಕೆ ಎರಡೂವರೆ ಪಾಲು, 25 ಕೆ.ಜಿ.ಗೆ ಸೇರಿಸಿದರೆ ನೂರಕ್ಕೆ ಹತ್ತು. ನಮ್ಮ ಎಷ್ಟೋ ಜಿಮ್‌ಗಳಲ್ಲಿ ಒಂದೂಕಾಲು ಕೆ.ಜಿ.ಗಿಂತ ಸಣ್ಣ ಪ್ಲೇಟೇ ಸಿಗದು. ಅರ್ಧ ಕೆ.ಜಿ.ಯ ಒಂದು ಜೊತೆ ಪ್ಲೇಟು ಕೊಂಡು ಚೀಲದಲ್ಲಿಟ್ಟುಕೊಂಡರೆ ಪ್ರೆಸ್ಸು ಇನ್ನೂ ಕೆಲವು ವಾರ ಏರುತ್ತದೆ. ಪ್ರೋಟೀನ್ ಡಬ್ಬಿಗಿಂತ ಒಳ್ಳೆಯ ಖರ್ಚು ಅದು.

ಒಂದು ದಿನ ಮೂರನೇ ಸೆಟ್‌ನಲ್ಲಿ ಐದರ ಬದಲು ಮೂರೇ ಆಯಿತೆಂದು ಎಲ್ಲವನ್ನೂ ಬದಲಿಸಬೇಕಿಲ್ಲ. ಸೆಟ್ಟುಗಳ ನಡುವೆ ಒಂದೇ ನಿಮಿಷ ಕೂತಿದ್ದರೆ ಮೂರರಿಂದ ಐದು ನಿಮಿಷ ಕೂತು ನೋಡಲಿ. ನಿದ್ದೆ, ಊಟ ಸರಿಯಿದೆಯೇ ವಿಚಾರಿಸಲಿ. ಅಷ್ಟಾದ ಮೇಲೂ ಎರಡು ಮೂರು ಸಲ ಅದೇ ತೂಕದಲ್ಲಿ ಸಿಕ್ಕಿಕೊಂಡರೆ ನೂರರಿಂದ 90ಕ್ಕೆ ಇಳಿದು ಮತ್ತೆ ಏರಬೇಕು. ಮತ್ತೆ ಅದೇ ಜಾಗದಲ್ಲಿ ನಿಂತರೆ ಹೊಸಬನ ಕಾಲ ಮುಗಿಯಿತೆಂದೇ ಲೆಕ್ಕ.

ಅಲ್ಲಿಂದ ಮುಂದೆ ಏರಿಕೆ ವಾರಕ್ಕೊಮ್ಮೆ. ಸೋಮವಾರ ಹೆಚ್ಚು ಸೆಟ್ಟುಗಳ ದುಡಿಮೆ, ಬುಧವಾರ ಹಗುರ ತೂಕ, ಶುಕ್ರವಾರ ಒಂದೇ ಸೆಟ್‌ನಲ್ಲಿ ಹೊಸ ತೂಕದ ಪ್ರಯತ್ನ. ವಾರಕ್ಕೆ ಏಳೂವರೆ ಕೆ.ಜಿ. ಏರಿಸುತ್ತಿದ್ದವನು ಇನ್ನು ಎರಡೂವರೆ ಏರಿಸುತ್ತಾನೆ, ಕೆಲವು ತಿಂಗಳಲ್ಲಿ ಅದೂ ಕಷ್ಟವಾಗುತ್ತದೆ.