ಜರ್ಮನ್ ಶಾಲೆಗೆ ಬರೆಯುವುದು ರಜಾ ಅರ್ಜಿಯಲ್ಲ

ಬೆಳಗಿನ ಏಳು ಗಂಟೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿದ ಕನ್ನಡಿಗರ ಮನೆಯೊಂದರಲ್ಲಿ ಮೂರನೇ ತರಗತಿಯ ಮಗಳು ಅದಿತಿಗೆ ಜ್ವರ ಎಂದಿಟ್ಟುಕೊಳ್ಳೋಣ. ತಾಯಿಗೆ ಮೊದಲು ನೆನಪಾಗುವುದು ಊರಿನ ಶಾಲೆಯಲ್ಲಿ ಕಲಿತ ರಜಾ ಅರ್ಜಿ: 'ನನಗೆ ಜ್ವರ ಬಂದಿರುವುದರಿಂದ ಎರಡು ದಿನ ರಜೆ ಮಂಜೂರು ಮಾಡಬೇಕಾಗಿ ವಿನಂತಿ, ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ.' ಅದನ್ನೇ ಜರ್ಮನ್ ಭಾಷೆಗೆ ತಿರುಗಿಸಿ ಕಳಿಸಿದರೆ ವಿಷಯವೇನೋ ತಿಳಿದೀತು. ಆದರೆ ಅಲ್ಲಿನ ಶಾಲೆಯ ಲೆಕ್ಕದಲ್ಲಿ ಅದು ಬೇರೆಯೇ ಜಾತಿಯ ಕಾಗದ.

ರಜೆ ಕೇಳುವುದಕ್ಕೆ ಅಲ್ಲಿ 'ಬೆಉರ್ಲೌಬುಂಗ್' ಎಂಬ ಪ್ರತ್ಯೇಕ ಅರ್ಜಿಯಿದೆ. ಮನೆಯಲ್ಲಿ ಮದುವೆ ಇದ್ದಂಥ ಸಂದರ್ಭಗಳಲ್ಲಿ ಮುಂಚಿತವಾಗಿ ಕೊಡಬೇಕಾದ ಈ ಅರ್ಜಿಯನ್ನು ಶಾಲೆ ಒಪ್ಪಲೂಬಹುದು, ತಳ್ಳಿಹಾಕಲೂಬಹುದು. ಕಾಯಿಲೆಗೆ ಯಾರ ಮಂಜೂರಾತಿಯೂ ಬೇಕಿಲ್ಲ. ಶಾಲಾ ಹಾಜರಿ ಕಾನೂನಿನ ಕಡ್ಡಾಯವಾದ್ದರಿಂದ, ಮಗು ಬಾರದಿರುವುದಕ್ಕೆ ಸಕಾರಣ ಇದೆಯೆಂದು ಪೋಷಕರು ದಾಖಲಿಸಿದರೆ ಸಾಕು.

ಈ ದಾಖಲೆಗೆ ಎರಡು ಹಂತ. ಮೊದಲನೆಯದು 'ಕ್ರಾಂಕ್‌ಮೆಲ್ಡುಂಗ್', ಎಂದರೆ ಕಾಯಿಲೆಯ ಸುದ್ದಿ. ಮೊದಲ ಪೀರಿಯಡ್‌ಗೆ ಮುಂಚೆಯೇ ಶಾಲೆಯ ಕಚೇರಿಗೋ ತರಗತಿ ಶಿಕ್ಷಕರಿಗೋ ಫೋನ್, ಇಮೇಲ್ ಅಥವಾ ಶಾಲೆಯ ಆ್ಯಪ್ ಮೂಲಕ ತಿಳಿಸುವುದು. ಈ ಅವಸರಕ್ಕೆ ಕಾರಣವಿದೆ. ಜರ್ಮನಿಯಲ್ಲಿ ಸಣ್ಣ ತರಗತಿಯ ಎಷ್ಟೋ ಮಕ್ಕಳು ಒಬ್ಬರೇ ನಡೆದು ಶಾಲೆಗೆ ಹೋಗುತ್ತಾರೆ. ಸುದ್ದಿಯಿಲ್ಲದೆ ಒಂದು ಬೆಂಚು ಖಾಲಿ ಉಳಿದರೆ, ಮಗು ಮನೆಯಲ್ಲಿದೆಯೋ ದಾರಿಯಲ್ಲಿ ಏನಾದರೂ ಆಯಿತೋ ಎಂದು ಶಾಲೆ ವಿಚಾರಿಸಲೇಬೇಕಾಗುತ್ತದೆ.

ಎರಡನೆಯದು ಸಹಿ ಇರುವ ಚೀಟಿ, 'ಎಂಟ್‌ಶುಲ್ಡಿಗುಂಗ್'. ಬೀದಿಯಲ್ಲಿ ಯಾರಿಗಾದರೂ ಕೈತಾಗಿದಾಗ 'ಕ್ಷಮಿಸಿ' ಎನ್ನಲು ಬಳಸುವ ಪದವೂ ಇದೇ. 'ಶುಲ್ಡ್' ಎಂದರೆ ತಪ್ಪಿನ ಹೊಣೆ, 'ಎಂಟ್' ಎಂದರೆ ಅದನ್ನು ಕಳೆಯುವುದು. ಗೈರುಹಾಜರಿಯ ಹೊಣೆಯನ್ನು ಮಗುವಿನ ಮೇಲಿಂದ ಇಳಿಸುವ ಕಾಗದ ಇದು.

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದ ಶಾಲಾ ಹಾಜರಿ ನಿಯಮ ಕೇಳುವುದು ಎರಡೇ ಸಂಗತಿ: ಕಾರಣ ಮತ್ತು ಅಂದಾಜು ಅವಧಿ. ತಡವೆಂದರೆ ಎರಡನೇ ದಿನದೊಳಗೆ ತಿಳಿಸಬೇಕು. ಫೋನಿನಲ್ಲೋ ಇಮೇಲ್‌ನಲ್ಲೋ ತಿಳಿಸಿದ್ದರೆ ಮೂರು ದಿನದೊಳಗೆ ಲಿಖಿತ ಚೀಟಿ ಕೊಡಬೇಕು. ಹತ್ತು ಶಾಲಾ ದಿನ ಮೀರಿದರೆ ಶಿಕ್ಷಕರು ವೈದ್ಯರ ಸರ್ಟಿಫಿಕೇಟ್ ಕೇಳಬಹುದು. ಪಕ್ಕದ ಬವೇರಿಯಾದಲ್ಲಾದರೆ ಮೂರು ದಿನ ಮೀರಿದರೇ ಕೇಳಬಹುದು.

ಅದಿತಿಯ ತಾಯಿ ಬರೆಯಬೇಕಾದದ್ದು ನಾಲ್ಕೇ ಸಾಲು. ಮೊದಲು 'ಝೇರ್ ಗೆಏರ್ಟೆ ಫ್ರಾವ್ ಮ್ಯೂಲರ್', ಅಂದರೆ 'ಮಾನ್ಯ ಶ್ರೀಮತಿ ಮ್ಯೂಲರ್ ಅವರೇ'. ಅಲ್ಲಿ ಶಿಕ್ಷಕರನ್ನು ಮೇಡಂ, ಮಿಸ್ ಎನ್ನುವುದಿಲ್ಲ, ಕುಲನಾಮ ಹಿಡಿದು ಕರೆಯುತ್ತಾರೆ. ನಂತರ: 'ನನ್ನ ಮಗಳು, 3ಬಿ ತರಗತಿಯ ಅದಿತಿಗೆ ಜ್ವರ ಬಂದಿದೆ. ಬುಧವಾರವೂ ಸೇರಿ ಅಲ್ಲಿಯವರೆಗೆ ಅವಳು ತರಗತಿಗೆ ಬರಲಾಗದು ಎನಿಸುತ್ತದೆ. ಅವಳ ಗೈರುಹಾಜರಿಯನ್ನು ಮನ್ನಿಸಬೇಕೆಂದು ಕೋರುತ್ತೇನೆ.' ಕೊನೆಗೆ 'ಮಿಟ್ ಫ್ರಾಯಿಂಡ್ಲಿಖೆನ್ ಗ್ರ್ಯೂಸೆನ್', ಅಂದರೆ ಸ್ನೇಹಪೂರ್ವಕ ವಂದನೆಗಳು, ಮತ್ತು ಹೆಸರು. ಬರೆಯುವವರು ಪೋಷಕರೇ, ಮಗುವಲ್ಲ.

ಇಷ್ಟರಲ್ಲೂ ಎಡವುವ ಜಾಗ ಎರಡಿವೆ. ಬರೀ 'ಬಿಸ್ ಮಿಟ್ವೊಖ್', ಅಂದರೆ 'ಬುಧವಾರದವರೆಗೆ' ಎಂದು ಬರೆದರೆ ಬುಧವಾರ ಮಗು ಬರುತ್ತದೋ ಇಲ್ಲವೋ ತಿಳಿಯದು. ಕನ್ನಡದಲ್ಲೂ ಇದೇ ಗೊಂದಲ. ಜರ್ಮನ್ನರು ನಡುವೆ 'ಐನ್‌ಶ್ಲೀಸ್‌ಲಿಖ್' ಎಂದು ಸೇರಿಸುತ್ತಾರೆ, 'ಆ ದಿನವೂ ಸೇರಿ' ಎಂದರ್ಥ. ಇನ್ನೊಂದು 'ಈರ್ ಫೇಲೆನ್' ಎಂಬ ಮಾತು. 'ಈರ್' ಪದದ ಮೊದಲಕ್ಷರ ಸಣ್ಣದಾಗಿದ್ದರೆ 'ಅವಳ ಗೈರುಹಾಜರಿ'. ದೊಡ್ಡಕ್ಷರವಾದರೆ 'ನಿಮ್ಮ ಗೈರುಹಾಜರಿ'. ಆಗ ಶಾಲೆಗೆ ಬಾರದವರು ಶಿಕ್ಷಕಿಯೇ ಎಂಬಂತಾಗುತ್ತದೆ!

ಕಾಯಿಲೆಯ ವಿವರ ಎಷ್ಟು ಬೇಕು? ಜ್ವರ, ನೆಗಡಿಗೆ ಒಂದು ಪದ ಸಾಕು. ದಡಾರ, ಸೀತಾಳೆ ಸಿಡುಬು, ನಾಯಿಕೆಮ್ಮು, ಕಜ್ಜಿ, ತಲೆಯ ಹೇನು ಇಂಥವು ಆದರೆ ಮಾತ್ರ ಬಿಚ್ಚಿ ಹೇಳಲೇಬೇಕು. 2001ರಿಂದ ಜಾರಿಯಲ್ಲಿರುವ ಸೋಂಕು ತಡೆ ಕಾನೂನಿನ 34ನೇ ಕಲಮಿನ ಪ್ರಕಾರ ಇವನ್ನು ಶಾಲೆಗೆ ತಕ್ಷಣ ತಿಳಿಸುವುದು ಪೋಷಕರ ಕರ್ತವ್ಯ. ಹೇನು ಎಂದು ಬರೆಯಲು ಸಂಕೋಚಪಟ್ಟು 'ಹೊಟ್ಟೆನೋವು' ಎಂದರೆ, ಉಳಿದ ಮಕ್ಕಳ ತಲೆ ನೋಡಿಕೊಳ್ಳಲು ಅವರ ಮನೆಯವರಿಗೆ ಸೂಚನೆಯೇ ಸಿಗುವುದಿಲ್ಲ.

ಚೀಟಿ ತಲುಪದಿದ್ದರೆ ಆ ದಿನಗಳು ಸಕಾರಣವಿಲ್ಲದ ಗೈರು ಎಂದು ದಾಖಲಾಗುತ್ತವೆ. ದೊಡ್ಡ ತರಗತಿಗಳಲ್ಲಿ ಅಂದು ಪರೀಕ್ಷೆಯಿದ್ದರೆ ಪೆಟ್ಟು ಇನ್ನೂ ಜೋರು: ಒಂದರಿಂದ ಆರರವರೆಗಿನ ಜರ್ಮನ್ ಶ್ರೇಣಿಯಲ್ಲಿ ಅತಿ ಕೆಳಗಿನ ಆರು ಸಿಗಬಹುದು. ಸಮಯಕ್ಕೆ ಸರಿಯಾಗಿ ಸುದ್ದಿ ಮುಟ್ಟಿಸಿದ ತಾಯಿಗೆ ಶಿಕ್ಷಕಿಯಿಂದ ಸಾಮಾನ್ಯವಾಗಿ ಬರುವ ಉತ್ತರ ಎರಡೇ ಪದದ್ದು, 'ಗೂಟೆ ಬೆಸ್ಸೆರುಂಗ್': ಬೇಗ ಹುಷಾರಾಗಲಿ.