ಸಂದರ್ಶನ ಮುಗಿದ ಮೇಲೆ ಬರೆಯುವ ನಾಲ್ಕು ಸಾಲು

ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಬೆಂಗಳೂರಿನ ಲೆಕ್ಕಪರಿಶೋಧನಾ ಸಂಸ್ಥೆಯೊಂದಕ್ಕೆ ಟ್ರೈನಿ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದಾಳೆ ಎಂದಿಟ್ಟುಕೊಳ್ಳೋಣ. ಎದುರಿಗೆ ಮೂವರು. ಅವರಲ್ಲೊಬ್ಬರು ಕೇಳಿದರು: ಚೆಕ್ ಬರೆದುಕೊಟ್ಟಾಗಿದೆ, ಪಡೆದವರು ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಕ್ಯಾಶ್ ಬುಕ್ಕಿನ ಶಿಲ್ಕಿನಿಂದ ಪಾಸ್ ಬುಕ್ಕಿನ ಶಿಲ್ಕಿಗೆ ಬರಬೇಕಾದರೆ ಆ ಮೊತ್ತವನ್ನು ಕೂಡಬೇಕೋ, ಕಳೆಯಬೇಕೋ? ಗಾಬರಿಯಲ್ಲಿ ‘ಕಳೆಯಬೇಕು’ ಎಂದುಬಿಟ್ಟಳು. ಮೆಟ್ಟಿಲು ಇಳಿಯುವಷ್ಟರಲ್ಲಿ ಸರಿಯುತ್ತರ ಹೊಳೆಯಿತು.

ಖಾಸಗಿ ಕಂಪನಿಗಳಲ್ಲಿ ಸಂದರ್ಶನವಾದ ಒಂದು ದಿನದೊಳಗೆ ಇಂಗ್ಲಿಷಿನಲ್ಲಿ ಪುಟ್ಟದೊಂದು ಥ್ಯಾಂಕ್ಸ್ ಮೇಲ್ ಕಳಿಸುವ ರೂಢಿಯಿದೆ. ಅವಳಿಗೆ ಅದೇ ಒದಗಿಬರುತ್ತದೆ. ಸಬ್ಜೆಕ್ಟಿನಲ್ಲಿ ಹುದ್ದೆಯ ಹೆಸರು, ಸಂದರ್ಶನದ ದಿನಾಂಕ ಇದ್ದರೆ ಸಾಕು. ಮೂವರ ವಿಳಾಸ ಗೊತ್ತಿಲ್ಲದಿದ್ದರೆ ಕರೆ ಕಳಿಸಿದ್ದ ಎಚ್‌ಆರ್‌ ಅವರಿಗೇ ಬರೆದು, ಉಳಿದವರಿಗೂ ತಲುಪಿಸಿ ಎಂದು ಕೋರಬಹುದು. ಮೂವರಿಗೂ ಬೇರೆ ಬೇರೆಯಾಗಿ ಬರೆಯುವುದಾದರೆ ಒಂದೇ ಒಕ್ಕಣೆಯನ್ನು ನಕಲು ಮಾಡಬಾರದು. ಅವರು ಅಕ್ಕಪಕ್ಕದ ಮೇಜಿನವರು, ಪತ್ರಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುವುದು ಕಷ್ಟವೇನಲ್ಲ.

ಒಕ್ಕಣೆಯ ಆತ್ಮೀಯತೆ ದೊಡ್ಡ ವಿಶೇಷಣಗಳಿಂದ ಬರುವುದಿಲ್ಲ. ‘ನಿಮ್ಮಂಥ ಮಹನೀಯರನ್ನು ಕಂಡು ಧನ್ಯಳಾದೆ’ ಎಂಬ ಧಾಟಿ ಇಂಗ್ಲಿಷಿಗೆ ಇಳಿದಾಗ ಮುಖಸ್ತುತಿಯಂತೆ ಕೇಳುತ್ತದೆ. ಅದರ ಬದಲು, ಸಣ್ಣ ಅಂಗಡಿಗಳ ದಾಸ್ತಾನನ್ನು ಕಣ್ಣಾರೆ ಎಣಿಸಿ ನೋಡುವ ಬಗ್ಗೆ ಅವರು ವಿವರಿಸಿದ್ದನ್ನು ನೆನೆದು, ಆ ಕೆಲಸದ ಮೇಲೆ ಆಸಕ್ತಿ ಹೆಚ್ಚಿತು ಎಂದು ಒಂದು ವಾಕ್ಯ ಬರೆದರೆ ಅದು ಆ ಕೋಣೆಯಲ್ಲಿ ಕೂತಿದ್ದವಳು ಮಾತ್ರ ಬರೆಯಬಹುದಾದ ಪತ್ರವಾಗುತ್ತದೆ.

ಆಮೇಲೆ ತಪ್ಪಿದ ಉತ್ತರ. ಚೆಕ್ ಬರೆದಾಗಲೇ ಕ್ಯಾಶ್ ಬುಕ್ಕಿನಲ್ಲಿ ಹಣ ಕಡಿಮೆಯಾಗಿದೆ, ಬ್ಯಾಂಕಿನಲ್ಲಿ ಇನ್ನೂ ಆಗಿಲ್ಲ, ಆದ್ದರಿಂದ ಕೂಡಬೇಕು. ಇಷ್ಟನ್ನು ಎರಡು ವಾಕ್ಯದಲ್ಲಿ ತಿದ್ದಿದರೆ ಮುಗಿಯಿತು. ಅಂದು ಜ್ವರವಿತ್ತು, ಬಸ್ ತಡವಾಯಿತು ಎಂಬ ಪುರಾಣ ಬೇಡ. ಎಲ್ಲ ತಪ್ಪುಗಳನ್ನೂ ತಿದ್ದಲು ಹೊರಟರೆ ಪತ್ರ ಮರುಪರೀಕ್ಷೆಯ ಉತ್ತರಪತ್ರಿಕೆಯಾಗುತ್ತದೆ. ಕೊನೆಗೆ ಬೇಕಾದ ದಾಖಲೆ ಒದಗಿಸಲು ಸಿದ್ಧ ಎಂಬ ಸಾಲು, ಪೂರ್ಣ ಹೆಸರು, ಫೋನ್ ನಂಬರು. ಫಲಿತಾಂಶ ಯಾವಾಗ, ಸಂಬಳ ಎಷ್ಟು ಎಂದು ಇಲ್ಲಿ ಕೇಳುವಂತಿಲ್ಲ. ಕಳಿಸುವ ಮುನ್ನ ಹೆಸರುಗಳ ಕಾಗುಣಿತವನ್ನು ಇನ್ನೊಮ್ಮೆ ನೋಡಬೇಕು. ಬೇರೆ ಕಂಪನಿಗೆ ಬರೆದ ಪತ್ರವನ್ನೇ ತಿದ್ದಿ ಬಳಸುವವರು ಆ ಕಂಪನಿಯ ಹೆಸರನ್ನು ಅಳಿಸಲು ಮರೆಯುವುದುಂಟು.

ಇಂಥ ಪತ್ರದಿಂದ ಕೆಲಸ ಸಿಕ್ಕೇಬಿಡುತ್ತದೆ ಎಂದಲ್ಲ. ಇಬ್ಬರು ಅಭ್ಯರ್ಥಿಗಳು ಸಮಸಮ ಎನಿಸಿದಾಗ ನೆನಪಿಗೆ ಬರಬಹುದು, ಅಷ್ಟೇ.

ಸರ್ಕಾರಿ ಹುದ್ದೆಯ ಸಂದರ್ಶನಕ್ಕೆ ಮಾತ್ರ ಈ ರೂಢಿಯನ್ನು ಒಯ್ಯಬಾರದು. ಪ್ರಭಾವ ಬೀರಲು ಯತ್ನಿಸಿದರೆ ಅನರ್ಹಗೊಳಿಸಲಾಗುವುದು ಎಂಬ ಷರತ್ತು ಅಲ್ಲಿನ ಅನೇಕ ಅಧಿಸೂಚನೆಗಳಲ್ಲೇ ಇರುತ್ತದೆ. ಮಂಡಳಿಯ ಸದಸ್ಯರಿಗೆ ನೇರವಾಗಿ ಬರೆದ ಕೃತಜ್ಞತೆಯ ನಾಲ್ಕು ಸಾಲೂ ಆ ಅನುಮಾನಕ್ಕೆ ಎಡೆಕೊಡಬಹುದು. ಕಾಲೇಜಿನ ಕ್ಯಾಂಪಸ್ ಆಯ್ಕೆಯಾದರೆ ಪ್ಲೇಸ್‌ಮೆಂಟ್ ಅಧಿಕಾರಿಯನ್ನು ಕೇಳಿ ಅವರ ಮೂಲಕವೇ ಕಳಿಸುವುದು ಸರಿ.