ಐವತ್ತಕ್ಕೆ ಮೊದಲೇ ಗಲ್ಫ್ ಬಿಟ್ಟು ಊರಿಗೆ: ಎಷ್ಟು ಉಳಿಸಿದರೆ ಸಾಕು?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯಿಂದ ಗಲ್ಫ್‌ಗೆ ಹೋದ ಯುವಕರು ರಜೆಯಲ್ಲಿ ಊರಿಗೆ ಬಂದಾಗ ಹೇಳುವ ಮಾತು ಒಂದೇ: "ಇನ್ನು ಐದು ವರ್ಷ, ಆಮೇಲೆ ನಿಲ್ಲಿಸಿ ಬರುವುದು." ಐದು ವರ್ಷ ಹತ್ತಾಗುತ್ತದೆ, ಹತ್ತು ಇಪ್ಪತ್ತಾಗುತ್ತದೆ. ಎಷ್ಟು ಹಣ ಕೈಯಲ್ಲಿದ್ದರೆ ನಿಲ್ಲಿಸಬಹುದು ಎಂಬ ಲೆಕ್ಕವನ್ನು ಮೂವತ್ತರ ಹರೆಯದಲ್ಲಿ ಕೂತು ಹಾಕುವವರು ಕಡಿಮೆ. ಲೆಕ್ಕ ಕಷ್ಟದ್ದೇನೂ ಅಲ್ಲ. ಆದರೆ ಮೊಬೈಲ್‌ನಲ್ಲಿ ಹರಿದಾಡುವ ಅಮೆರಿಕದ ಸೂತ್ರವನ್ನು ಹಾಗೆಯೇ ಎತ್ತಿಕೊಂಡರೆ ನಮ್ಮವರ ಮಟ್ಟಿಗೆ ಅದು ತಪ್ಪುತ್ತದೆ.

ಆ ಸೂತ್ರ ಶೇ. 4ರದ್ದು. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಇದನ್ನು ಮುಂದಿಟ್ಟರು. ನಿವೃತ್ತಿಯ ಮೊದಲ ವರ್ಷ ಕೂಡಿಟ್ಟ ಹಣದ ಶೇ. 4ರಷ್ಟು ತೆಗೆದು, ಆಮೇಲೆ ಪ್ರತಿ ವರ್ಷ ಬೆಲೆ ಏರಿದಷ್ಟು ಹೆಚ್ಚಿಸುತ್ತಾ ಹೋದರೆ ಹಣ 30 ವರ್ಷ ಬಾಳುತ್ತದೆ ಎಂಬುದು ಅಲ್ಲಿನ ಮಾರುಕಟ್ಟೆಯ ಹಳೆಯ ಅಂಕಿಗಳಿಂದ ಅವರು ಕಂಡುಕೊಂಡದ್ದು. ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಸಾಕು ಎನ್ನುವುದು ಇದರಿಂದಲೇ ಬಂದದ್ದು. ಅದು ಯಾಕೆ ಸಾಲದು ಎಂಬುದು ಮುಂದೆ ಬರುತ್ತದೆ. ಮೊದಲು ಉಳಿತಾಯದ ಪ್ರಮಾಣ ಏನು ಮಾಡುತ್ತದೆ ನೋಡಿ.

ದುಬೈಯಲ್ಲಿರುವ 34 ವರ್ಷದ ಒಬ್ಬ ಅಕೌಂಟೆಂಟ್‌ನ ಲೆಕ್ಕ ಎಂದಿಟ್ಟುಕೊಳ್ಳಿ. ಸಂಬಳ ರೂಪಾಯಿಯಲ್ಲಿ ತಿಂಗಳಿಗೆ 1 ಲಕ್ಷ. ಬೆಡ್ ಸ್ಪೇಸ್, ಮೆಸ್, ಮೆಟ್ರೋ, ಮೊಬೈಲ್ ಸೇರಿ ಅಲ್ಲಿ 25,000 ಹೋಗುತ್ತದೆ. ಊರಿಗೆ 35,000 ಕಳಿಸುತ್ತಾನೆ. ಉಳಿಯುವುದು 40,000, ಅಂದರೆ ಶೇ. 40. ಈಗಾಗಲೇ 15 ಲಕ್ಷ ಕೂಡಿದೆ. ಊರಿಗೆ ಬಂದ ಮೇಲೆ ದುಬೈ ಖರ್ಚು ನಿಲ್ಲುತ್ತದೆ. ಆದರೆ ಮನೆಯ 35,000ಕ್ಕೆ ಅವನದೇ ಖರ್ಚು 5,000, ಆರೋಗ್ಯ ವಿಮೆ ಮತ್ತು ಮನೆ ರಿಪೇರಿಗೆ ಇನ್ನೊಂದು 5,000 ಸೇರಿ ತಿಂಗಳಿಗೆ 45,000 ಬೇಕು. ವರ್ಷಕ್ಕೆ 5.4 ಲಕ್ಷ.

ಇಲ್ಲಿ ಎಲ್ಲ ಲೆಕ್ಕವೂ ಇವತ್ತಿನ ರೂಪಾಯಿಯಲ್ಲಿ. ಹೂಡಿದ ಹಣ ಬೆಲೆಯೇರಿಕೆ ಕಳೆದು ವರ್ಷಕ್ಕೆ ಶೇ. 3 ಬೆಳೆಯುತ್ತದೆ ಎಂದು ಹಿಡಿದಿದೆ. ಹೆಚ್ಚು ಬಂದರೆ ಒಳ್ಳೆಯದೇ, ಆದರೆ ಅದನ್ನು ನಂಬಿ ಕೆಲಸ ಬಿಡುವುದು ಬೇಡ. ಗುರಿಯನ್ನೂ ಶೇ. 4ರ ಬದಲು ಶೇ. 3ಕ್ಕೆ, ಅಂದರೆ ಖರ್ಚಿನ ಸುಮಾರು 33 ಪಟ್ಟಿಗೆ ಇಟ್ಟರೆ ಅವನಿಗೆ ಬೇಕಾದದ್ದು 1.8 ಕೋಟಿ. ಅಲ್ಲಿಗೆ ಮುಟ್ಟಲು ಇಪ್ಪತ್ತೆರಡೂವರೆ ವರ್ಷ. ಊರಿಗೆ ಬರುವಾಗ 56 ದಾಟಿರುತ್ತದೆ. ಅದನ್ನು ಬೇಗ ನಿವೃತ್ತಿ ಅಂತ ಯಾರೂ ಕರೆಯುವುದಿಲ್ಲ.

ಈಗ ಊರಿನ ಖರ್ಚಿನಲ್ಲಿ ತಿಂಗಳಿಗೆ 10,000 ಕಡಿಮೆ ಮಾಡಿದ ಅಂತ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ರಜೆಯಲ್ಲಿ ಓಡಿಸಲೆಂದು ಇಟ್ಟ ಕಾರು, ಮದುವೆ-ಮುಂಜಿಗಳ ಉಡುಗೊರೆಯ ಪೈಪೋಟಿ, ಇಂಥವು. ಉಳಿತಾಯ 50,000 ಆಗುತ್ತದೆ, ಅಂದರೆ ಶೇ. 50. ಊರಿಗೆ ಬಂದ ಮೇಲಿನ ಖರ್ಚೂ 45,000ದಿಂದ 35,000ಕ್ಕೆ ಇಳಿಯುತ್ತದೆ. ಗುರಿ 1.8 ಕೋಟಿಯಿಂದ 1.4 ಕೋಟಿಗೆ ಬರುತ್ತದೆ. ಕಾಲ ಹದಿನೈದೂವರೆ ವರ್ಷ. ಒಟ್ಟು ಏಳು ವರ್ಷ ಕಡಿಮೆ.

ಈ ಏಳು ವರ್ಷ ಎಲ್ಲಿಂದ ಬಂತು? ಖರ್ಚು ಹಾಗೆಯೇ ಇದ್ದು ಸಂಬಳ ಮಾತ್ರ 10,000 ಏರಿ, ಅದನ್ನು ಪೂರ್ತಿ ಉಳಿಸಿದ್ದರೆ 1.8 ಕೋಟಿಗೆ ಸುಮಾರು 19 ವರ್ಷ ಬೇಕಾಗುತ್ತಿತ್ತು. ಅಂದರೆ ಹೆಚ್ಚು ಉಳಿಸಿದ್ದರಿಂದ ಕಡಿಮೆಯಾದದ್ದು ಮೂರು ವರ್ಷ, ಗುರಿಯೇ ಕೆಳಗೆ ಬಂದದ್ದರಿಂದ ಕಡಿಮೆಯಾದದ್ದು ನಾಲ್ಕು ವರ್ಷ. ಸಂಬಳ ಏರಿಕೆಗಿಂತ ಖರ್ಚಿನ ಇಳಿಕೆಗೆ ಬಲ ಜಾಸ್ತಿ ಇರುವುದು ಇದಕ್ಕೇ. ಅದು ಎರಡು ಕಡೆಯಿಂದ ಕೆಲಸ ಮಾಡುತ್ತದೆ.

ಇನ್ನು ಶೇ. 4ರ ವಿಷಯ. ಬೆಂಗೆನ್ ಲೆಕ್ಕ 30 ವರ್ಷದ್ದು, 60-65ಕ್ಕೆ ನಿವೃತ್ತರಾಗುವವರಿಗೆ. 49ಕ್ಕೆ ಬಿಡುವವನ ಹಣ 40 ವರ್ಷ ಬಾಳಬೇಕು, ಹೆಂಡತಿ ಚಿಕ್ಕವಳಾದರೆ ಇನ್ನೂ ಹೆಚ್ಚು. ಎರಡನೆಯದಾಗಿ, ಅವರ ಲೆಕ್ಕದಲ್ಲಿ ಸುಮಾರು ಅರ್ಧ ಹಣ ಷೇರಿನಲ್ಲಿ, ಇನ್ನರ್ಧ ಸರಕಾರಿ ಬಾಂಡ್‌ನಲ್ಲಿ, ಅಂದರೆ ಬಡ್ಡಿಯಲ್ಲಿ. ಷೇರು ಬಿದ್ದ ವರ್ಷ ಆಧಾರವಾಗಿ ನಿಲ್ಲುವುದು ಆ ಅರ್ಧವೇ. ಬಡ್ಡಿ ಬೇಡ ಎಂದು ಫಿಕ್ಸೆಡ್ ಡೆಪಾಸಿಟನ್ನೂ ಬಾಂಡನ್ನೂ ಬಿಟ್ಟು, ಶರಿಯಾ ಪ್ರಕಾರ ಆಯ್ದ ಷೇರುಗಳ ಫಂಡ್‌ನಲ್ಲೇ ಹಣ ಇಡುವವನಿಗೆ ಆ ಆಧಾರ ಇಲ್ಲ. ಅವನ ಹಣ ಏರುವಾಗಲೂ ಹೆಚ್ಚು, ಇಳಿಯುವಾಗಲೂ ಹೆಚ್ಚು. ಬೇರೆಯವರಿಗಿಂತ ಅವನು ಕಡಿಮೆ ತೆಗೆಯಬೇಕು.

ಮೂರನೆಯದನ್ನು ಯಾವ ಇಂಗ್ಲಿಷ್ ಕ್ಯಾಲ್ಕುಲೇಟರೂ ಕೇಳುವುದಿಲ್ಲ. ಅದು ಝಕಾತ್. ಸಂಬಳ ಬರುತ್ತಿರುವಾಗ ಝಕಾತ್ ಸಂಬಳದಿಂದ ಹೋಗುತ್ತದೆ, ಭಾರ ಗೊತ್ತಾಗುವುದಿಲ್ಲ. ನಿವೃತ್ತಿಯ ನಂತರ ಅದು ಕೂಡಿಟ್ಟ ಹಣದಿಂದಲೇ ಹೋಗಬೇಕು. 1.4 ಕೋಟಿಯ ಪೂರ್ತಿ ಮೊತ್ತಕ್ಕೆ ಶೇ. 2.5 ಎಂದರೆ 3.5 ಲಕ್ಷ. ಮನೆ ಖರ್ಚು 4.2 ಲಕ್ಷ. ಎರಡೂ ಸೇರಿ 7.7 ಲಕ್ಷ, ಅಂದರೆ ಶೇ. 5.5. ಶೇ. 3ರ ಜಾಗ್ರತೆ ಎಲ್ಲಿಯೋ ಹೋಯಿತು.

ಷೇರು ಫಂಡ್‌ನ ಝಕಾತ್ ಬಗ್ಗೆ ವಿದ್ವಾಂಸರಲ್ಲಿ ಒಂದೇ ಅಭಿಪ್ರಾಯ ಇಲ್ಲ. ಪೂರ್ತಿ ಮಾರುಕಟ್ಟೆ ಬೆಲೆಗೆ ಕೊಡಬೇಕು ಎನ್ನುವವರಿದ್ದಾರೆ. ದೀರ್ಘ ಕಾಲಕ್ಕೆ ಇಟ್ಟುಕೊಂಡವನು ಕಂಪೆನಿಗಳ ನಗದು, ಮಾರುವ ಸರಕು, ಬರಬೇಕಾದ ಬಾಕಿ ಇವುಗಳ ಪಾಲಿಗೆ ಮಾತ್ರ ಕೊಟ್ಟರೆ ಸಾಕು ಎನ್ನುವವರೂ ಇದ್ದಾರೆ. ಆ ಪಾಲನ್ನು ಅಂದಾಜಿಗೆ ಶೇ. 30 ಎಂದು ಹಿಡಿದರೆ ಝಕಾತ್ ಒಟ್ಟು ಹಣದ ಶೇ. 0.75 ಆಗುತ್ತದೆ. ಯಾವುದನ್ನು ಅನುಸರಿಸಬೇಕು ಎಂಬುದನ್ನು ತಮ್ಮ ಉಸ್ತಾದರಲ್ಲೇ ಕೇಳಿ ತೀರ್ಮಾನಿಸಬೇಕು, ಮತ್ತು ಅದನ್ನು 34ರಲ್ಲೇ ಕೇಳಬೇಕು. ಗುರಿ ಕೋಟಿಗಟ್ಟಲೆ ಬದಲಾಗುವುದು ಈ ಉತ್ತರದ ಮೇಲೆ.

ಹಗುರವಾದ ಅಭಿಪ್ರಾಯವನ್ನೇ ತೆಗೆದುಕೊಂಡರೂ, ಝಕಾತ್ ಸೇರಿ ಒಟ್ಟು ಶೇ. 3 ದಾಟಬಾರದು ಎಂದರೆ ಮನೆಗೆ ಸಿಗುವುದು ಶೇ. 2.25. ಆಗ 4.2 ಲಕ್ಷದ ಖರ್ಚಿಗೆ 1.87 ಕೋಟಿ ಬೇಕು. ದುಡಿಯುವ ಕಾಲದ ಝಕಾತನ್ನು ತಿಂಗಳ 50,000 ಮುಟ್ಟದೆ ರಜೆ ಸಂಬಳದಿಂದ ಕೊಟ್ಟರೂ ಕಾಲ ಪುನಃ 20 ವರ್ಷಕ್ಕೆ ಹೋಗುತ್ತದೆ, ವಯಸ್ಸು 54.

ಇದನ್ನು ಕೆಳಗೆ ತರುವ ದಾರಿ ನಮ್ಮ ಕಡೆಯವರಿಗೆ ಹೊಸದಲ್ಲ. ಪೂರ್ತಿ ಸುಮ್ಮನೆ ಕೂರುವುದು ಬೇಡ. ಊರಲ್ಲಿ ಬೆಳಿಗ್ಗೆ ಎರಡು ಗಂಟೆ ಯಾರದೋ ಅಂಗಡಿಯ ಜಿಎಸ್‌ಟಿ ಲೆಕ್ಕ ಬರೆದೋ, ಅಂಗಡಿ ಕೋಣೆಯೊಂದರ ಬಾಡಿಗೆಯಿಂದಲೋ ತಿಂಗಳಿಗೆ 10,000 ಬಂದರೆ ವರ್ಷಕ್ಕೆ 1.2 ಲಕ್ಷ. ಶೇ. 2.25ರ ಲೆಕ್ಕದಲ್ಲಿ ಅಷ್ಟು ಹಣ ಕೊಡಲು 53 ಲಕ್ಷದ ಗಂಟು ಬೇಕಿತ್ತು! ಗುರಿ 1.33 ಕೋಟಿಗೆ ಇಳಿಯುತ್ತದೆ, ಕಾಲ ಹದಿನೈದು ವರ್ಷದೊಳಗೆ, ವಯಸ್ಸು 49. ಬಾಡಿಗೆಗೆ ಕೊಟ್ಟ ಕಟ್ಟಡದ ಬೆಲೆಗೆ ಝಕಾತ್ ಇಲ್ಲ, ವರ್ಷ ತುಂಬುವವರೆಗೆ ಉಳಿದ ಬಾಡಿಗೆ ಹಣಕ್ಕೆ ಮಾತ್ರ. ಆದರೆ ಬಾಡಿಗೆಯನ್ನು ವರ್ಷಕ್ಕೆ 12 ತಿಂಗಳು ಎಂದು ಲೆಕ್ಕ ಹಿಡಿಯಬೇಡಿ. ಖಾಲಿ ಬೀಳುವುದು, ಸುಣ್ಣ-ಬಣ್ಣ ಎಲ್ಲ ಕಳೆದು 10 ತಿಂಗಳು ಹಿಡಿಯುವುದು ಸರಿ. ವಾಸದ ಮನೆಗೆ ಸುರಿದ 60-70 ಲಕ್ಷ ಮಾತ್ರ ಈ ಗುರಿಯಲ್ಲಿ ಸೊನ್ನೆ. ಅದು ಬಾಡಿಗೆ ಉಳಿಸುತ್ತದೆ, ಅಕ್ಕಿ ತರುವುದಿಲ್ಲ. ಮಕ್ಕಳ ಕಾಲೇಜು, ಮದುವೆ, ಹಜ್‌ಗೆ ಬೇರೆ ಕಟ್ಟು ಇರಬೇಕು. ಅದನ್ನೂ ಇದರಲ್ಲೇ ಸೇರಿಸಿದರೆ ಒಂದೇ ಮದುವೆಗೆ ಐದಾರು ವರ್ಷದ ಖರ್ಚು ಕರಗಿ ಹೋಗುತ್ತದೆ.

ಶೇ. 3 ಎಂಬ ಬಿಗಿ ಯಾಕೆ ಎಂಬುದು ಮೊದಲ ವರ್ಷವೇ ಮಾರುಕಟ್ಟೆ ಬಿದ್ದರೆ ಗೊತ್ತಾಗುತ್ತದೆ. 1.33 ಕೋಟಿಯಿಂದ ಮನೆಗೆ 3 ಲಕ್ಷ, ಝಕಾತ್‌ಗೆ 1 ಲಕ್ಷ ತೆಗೆದ. ಉಳಿದ 1.29 ಕೋಟಿ ಶೇ. 35 ಕುಸಿದು 84 ಲಕ್ಷಕ್ಕೆ ಬಂತು. ಮರು ವರ್ಷ ಮನೆಗೆ 3.15 ಲಕ್ಷ ಬೇಕು. ಹಣ ಇಳಿದದ್ದರಿಂದ ಝಕಾತ್ ತಾನಾಗಿಯೇ 63,000ಕ್ಕೆ ಇಳಿಯುತ್ತದೆ. ಒಟ್ಟು ಶೇ. 4.5. ಬಿಗಿಯಾಗಿದ್ದರೂ ದಾಟಬಹುದು. ಅಷ್ಟೇ ಹಣ ಇಟ್ಟುಕೊಂಡು ಶೇ. 4 ಮನೆಗೆ ತೆಗೆದು, ಝಕಾತ್ ಬೇರೆ ಕೊಟ್ಟಿದ್ದರೆ ಮರು ವರ್ಷದ ಪ್ರಮಾಣ ಶೇ. 7.5 ಆಗುತ್ತಿತ್ತು. ಆಮೇಲೆ ಮಾರುಕಟ್ಟೆ ಏರಿದರೂ ಏರುವುದಕ್ಕೆ ಹಣವೇ ಉಳಿದಿರುವುದಿಲ್ಲ.

ಇಂಥ ವರ್ಷ ಬಿದ್ದ ಬೆಲೆಗೆ ಫಂಡ್ ಮಾರಬಾರದೆಂದು ಎರಡು ವರ್ಷದ ಖರ್ಚು, ಇಲ್ಲಿ 6 ಲಕ್ಷ, ನಗದಾಗಿ ಇಡುವುದುಂಟು. ಅದಕ್ಕಿಂತ ಹೆಚ್ಚು ಇಡುವುದು ನಷ್ಟ. ನಗದಿಗೆ ಪೂರ್ತಿ ಶೇ. 2.5 ಝಕಾತ್ ಇದೆ, ಮೇಲೆ ಬೆಲೆಯೇರಿಕೆ ತಿನ್ನುತ್ತದೆ.

ಪ್ರತಿ ವರ್ಷ ಝಕಾತ್ ಲೆಕ್ಕ ಮಾಡುವ ದಿನವೇ ಇನ್ನೂ ಎರಡು ಅಂಕಿ ಬರೆದಿಟ್ಟರೆ ದಾರಿ ತಪ್ಪಿದ್ದು ಬೇಗ ಗೊತ್ತಾಗುತ್ತದೆ. ದುಡಿಯುವಾಗ ಬರೆಯಬೇಕಾದದ್ದು ಉಳಿತಾಯದ ಪ್ರಮಾಣ. ಮೇಲಿನ ಲೆಕ್ಕವೆಲ್ಲ ಉಳಿತಾಯವೂ ಬೆಲೆಯ ಜೊತೆ ಏರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಬೆಲೆ ವರ್ಷಕ್ಕೆ ಶೇ. 6 ಏರಿದರೆ ಇವತ್ತಿನ 35,000ದ ಖರ್ಚು 15 ವರ್ಷದಲ್ಲಿ ಸುಮಾರು 84,000 ಆಗುತ್ತದೆ, 1.33 ಕೋಟಿಯ ಗುರಿ ಆಗಿನ ರೂಪಾಯಿಯಲ್ಲಿ 3.2 ಕೋಟಿ. ಗಲ್ಫ್‌ನಲ್ಲಿ ಸಂಬಳ ಹಲವು ವರ್ಷ ಏರದೆ ನಿಲ್ಲುವುದುಂಟು. ದಿರ್ಹಂ ಡಾಲರ್‌ಗೆ ಕಟ್ಟಿರುವುದರಿಂದ ರೂಪಾಯಿ ಇಳಿದಾಗ ಸ್ವಲ್ಪ ಲಾಭ ಸಿಗುತ್ತದೆ, ಆದರೆ ಅದು ಯಾವಾಗಲೂ ಸಾಲುತ್ತದೆ ಎಂದಿಲ್ಲ. ಶೇ. 50 ಇದ್ದದ್ದು 44ಕ್ಕೆ ಬಂದರೆ, ಖರ್ಚೋ ತಾರೀಕೋ ಒಂದನ್ನು ಬದಲಿಸಬೇಕು.

ಊರಿಗೆ ಬಂದ ಮೇಲೆ ಬರೆಯಬೇಕಾದದ್ದು ಆ ವರ್ಷ ತೆಗೆಯುವ ಒಟ್ಟು ಹಣ ಇರುವ ಹಣದ ಶೇಕಡಾ ಎಷ್ಟು ಎಂಬುದು. ಅದು 5 ದಾಟಿತೆಂದರೆ ಆ ವರ್ಷ ಬೆಲೆಯೇರಿಕೆಯ ಹೆಚ್ಚಳ ತೆಗೆಯದೆ, ಲೆಕ್ಕ ಬರೆಯುವ ಅಂಗಡಿ ಒಂದರ ಬದಲು ಎರಡು ಮಾಡಿಕೊಳ್ಳಬೇಕು. 50ರಲ್ಲಿ ಆ ಕೆಲಸ ಸಿಗುತ್ತದೆ. ದುಬೈಯಿಂದ ಬರುವಾಗ ಸಿಗುವ ಗ್ರಾಚ್ಯುಟಿಯನ್ನು ಇಲ್ಲಿ ಸೇರಿಸಿಲ್ಲ. ಅದು ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನ, ಆಮೇಲಿನ ವರ್ಷಗಳಿಗೆ 30 ದಿನದ ಸಂಬಳ, ಅದೂ ಮೂಲ ವೇತನದ ಮೇಲೆ ಮಾತ್ರ. ಹೆಚ್ಚಿನವರ ಒಪ್ಪಂದದಲ್ಲಿ ಮೂಲ ವೇತನ ಎಷ್ಟು ಸಣ್ಣದಾಗಿ ಬರೆದಿರುತ್ತದೆ ಎಂಬುದನ್ನು ಈಗಲೇ ತೆಗೆದು ನೋಡಿದರೆ, ಆ ಹಣದ ಮೇಲೆ ಯಾಕೆ ಮನೆ ಕಟ್ಟಬಾರದು ಎಂಬುದು ತಿಳಿಯುತ್ತದೆ.